ಹನ್ನಳ ತುಟಿ, ಏಲಿಯ ಮಾತು: ಮಹಿಳಾ ಕೂಟದಲ್ಲಿ ಚಾಡಿಯ ಬಗ್ಗೆ ಸಂದೇಶ ಕೊಡುವ ಬಗೆ

ಮಹಿಳಾ ಅನ್ಯೋನ್ಯ ಕೂಟದಲ್ಲಿ ಚಾಡಿ ಮಾತಿನ ಬಗ್ಗೆ ಸಂದೇಶ ಕೊಡುವುದು ಮೇಲ್ನೋಟಕ್ಕೆ ಸುಲಭದ ಕೆಲಸ. ವಚನಗಳು ಬೇಕಾದಷ್ಟಿವೆ, ಉದಾಹರಣೆಗಳಿಗಂತೂ ಬರವೇ ಇಲ್ಲ. ಕೂತವರೆಲ್ಲ ತಲೆ ಆಡಿಸುತ್ತಾರೆ, "ಭಾಳ ಛಲೋ ಹೇಳಿದ್ರಿ ಅಕ್ಕಾರ" ಅಂತಾರೆ, ಚಹಾ ಕುಡಿಯುವ ಹೊತ್ತಿಗೆ ಮತ್ತೆ ಅದೇ ಮಾತು ಶುರುವಾಗಿರುತ್ತದೆ. ಯಾಕೆಂದರೆ ಇಂಥ ಸಂದೇಶ ಕೇಳುವಾಗ ಪ್ರತಿಯೊಬ್ಬಳ ಮನಸ್ಸಿಗೂ ಬರುವುದು ಇನ್ನೊಬ್ಬಳ ಮುಖ. ಆ ಮುಖವನ್ನು ಹಿಂದಕ್ಕೆ ಸರಿಸಿ, ಕೇಳುವವಳ ಮುಂದೆ ಅವಳದೇ ಮಾತನ್ನು ತಂದಿಡುವುದು ಹೇಗೆ ಅನ್ನುವುದೇ ಇಲ್ಲಿನ ಕೆಲಸ. ಬಾಗಲಕೋಟೆ ಜಿಲ್ಲೆಯ ಸಣ್ಣ ಸಭೆಗಳಲ್ಲಿ ಈ ಸಂದೇಶವನ್ನು ಸಿದ್ಧ ಮಾಡಿ ಕೊಡುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ನೋಡಬೇಕಾದ್ದು ಯಾವಾಗ ಕೊಡಬಾರದು ಅನ್ನುವುದನ್ನು. ಸಭೆಯಲ್ಲಿ ಇಬ್ಬರ ನಡುವೆ ಜಗಳ ಹೊಗೆಯಾಡುತ್ತಿದ್ದರೆ ಆ ತಿಂಗಳು ಈ ವಿಷಯವನ್ನು ಮುಟ್ಟುವುದಿಲ್ಲ. ಮುಟ್ಟಿದರೆ ವೇದಿಕೆಯ ಮೇಲಿನಿಂದ ಒಬ್ಬಳಿಗೆ ಗುರಿಯಿಟ್ಟು ಹೊಡೆದ ಹಾಗಾಗುತ್ತದೆ. ಹೆಸರು ಹೇಳದೆ ನೂರು ಜನರ ಮುಂದೆ ಒಬ್ಬಳ ಬಗ್ಗೆ ಮಾತಾಡುವುದೂ ಚಾಡಿಯೇ, ಮೈಕ್ ಇರುವುದೊಂದೇ ವ್ಯತ್ಯಾಸ. ಅಂಥ ಹೊತ್ತಿನಲ್ಲಿ ಮಾಡಬೇಕಾದ್ದು ಮತ್ತಾಯ 18:15ರಲ್ಲಿದೆ: ತಪ್ಪು ಮಾಡಿದವರ ಬಳಿಗೆ ನೀನೊಬ್ಬನೇ ಹೋಗಿ, ಇಬ್ಬರೇ ಇರುವಾಗ ಮಾತಾಡು. "ಆ ಅಕ್ಕಗ ತಟ್ಟೂ ಹಂಗ ಒಂದು ಮೆಸೇಜ್ ಕೊಡ್ರಿ" ಎಂದು ಸಂಘದ ಹಿರಿಯರು ಹೇಳಿದರೆ, ನಯವಾಗಿ ಬೇಡ ಅನ್ನುವುದೇ ಒಳ್ಳೆಯದು.

ಎರಡನೆಯದು ಪಾಠದ ಆಯ್ಕೆ. ಎಲ್ಲರಿಗೂ ಮೊದಲು ನೆನಪಾಗುವುದು ಯಾಕೋಬನ ಪತ್ರಿಕೆಯ ಮೂರನೇ ಅಧ್ಯಾಯ: ಕುದುರೆಯ ಕಡಿವಾಣ, ಹಡಗಿನ ಚುಕ್ಕಾಣಿ, ಕಾಡಿಗೆ ಹತ್ತುವ ಕಿಡಿ. ಅದು ಎಷ್ಟು ಪರಿಚಿತವಾಗಿದೆಯೆಂದರೆ ಓದುವಾಗಲೇ ಜನ ಒಳಗೊಳಗೇ ಮುಂದಿನ ಮಾತು ಹೇಳಿಕೊಳ್ಳುತ್ತಾರೆ, ಕಿವಿ ಮುಚ್ಚಿಹೋಗುತ್ತದೆ. ಇನ್ನೊಂದು 1 ತಿಮೊಥೆಯ 5:13, ಮನೆಮನೆ ತಿರುಗುತ್ತ ಬೇಡದ ಮಾತಾಡುವ ಯೌವನಸ್ಥ ವಿಧವೆಯರ ಬಗ್ಗೆ ಪೌಲ ಬರೆದದ್ದು. ಕೂಟದಲ್ಲಿ ವಿಧವೆಯರು ಕೂತಿರುತ್ತಾರೆ, ಬಹಳ ಸಭೆಗಳಲ್ಲಿ ಮುಂದಿನ ಸಾಲಿನಲ್ಲೇ. ಆ ಒಂದು ವಚನ ಕಿತ್ತು ಓದಿದರೆ ಅವರನ್ನು ಎಬ್ಬಿಸಿ ನಿಲ್ಲಿಸಿದಂತಾಗುತ್ತದೆ. ಓದಲೇಬೇಕಿದ್ದರೆ ವಿಧವೆಯರನ್ನು ಗೌರವಿಸು ಅನ್ನುವ 5:3ರಿಂದಲೇ ಶುರುಮಾಡಬೇಕು. ಗಾಳಿಗೆ ತೂರಿದ ಗರಿಗಳನ್ನು ಆರಿಸಿಕೊಂಡು ಬಾ ಎನ್ನುವ ಹಳೆಯ ದೃಷ್ಟಾಂತವನ್ನೂ ಬಿಡುತ್ತೇವೆ. ಅದು ಕೇಳಲು ಚಂದ, ಆದರೆ ಮನೆಗೆ ಹೋದ ಮೇಲೆ ಏನು ಮಾಡಬೇಕು ಅನ್ನುವುದನ್ನು ಹೇಳುವುದಿಲ್ಲ.

ನಾವು ತೆಗೆದುಕೊಳ್ಳುವುದು ಒಂದನೇ ಸಮುವೇಲನ ಮೊದಲ ಅಧ್ಯಾಯ, 1ರಿಂದ 18ನೇ ವಚನದವರೆಗೆ. ಹನ್ನಳ ಕಥೆಯನ್ನು ಪ್ರಾರ್ಥನೆಯ ಕಥೆಯೆಂದೇ ಎಲ್ಲರೂ ಕೇಳಿರುತ್ತಾರೆ. ಮಾತಿನ ಕಥೆಯಾಗಿ ಕೇಳಿದವರು ಕಡಿಮೆ, ಹಾಗಾಗಿ ಕಿವಿ ತೆರೆದಿರುತ್ತದೆ. ಈ ಹದಿನೆಂಟು ವಚನಗಳಲ್ಲಿ ಒಬ್ಬ ಹೆಂಗಸಿನ ಮೇಲೆ ಮೂರು ಜನ ಮಾತಾಡುತ್ತಾರೆ, ಮೂರೂ ಬೇರೆ ಬೇರೆ ಜಾತಿಯ ಮಾತು.

ಓದುವುದನ್ನು 18ಕ್ಕೇ ನಿಲ್ಲಿಸುವುದಕ್ಕೆ ಕಾರಣವಿದೆ. ಹನ್ನ ಎದ್ದು ಹೋಗಿ ಊಟ ಮಾಡಿದಳು, ಅವಳ ಮುಖದಲ್ಲಿ ದುಃಖ ಉಳಿಯಲಿಲ್ಲ ಎಂದು ಅಲ್ಲಿದೆ. ಮಗು ಹುಟ್ಟುವುದು 20ರಲ್ಲಿ. ಅಲ್ಲಿಯವರೆಗೆ ಓದಿದರೆ ಸಂದೇಶ ತಾನಾಗಿ "ಪ್ರಾರ್ಥನೆ ಮಾಡಿದರೆ ಮಕ್ಕಳಾಗುತ್ತವೆ" ಅನ್ನುವ ಕಡೆ ಜಾರುತ್ತದೆ, ಮಕ್ಕಳಿಲ್ಲದೆ ಕೂತಿರುವ ತಂಗಿಯ ಕಡೆ ಹತ್ತು ಕಣ್ಣು ತಿರುಗುತ್ತವೆ. ಮಾತಿನ ಬಗ್ಗೆ ಸಂದೇಶ ಕೊಡಲು ಹೋಗಿ ನಾವೇ ಗಾಯ ಮಾಡಿದಂತಾಗುತ್ತದೆ.

ಮೊದಲ ಬಾಯಿ ಹನ್ನಳ ಸವತಿ ಪೆನಿನ್ನಳದು. ಅವಳಿಗೆ ಮಕ್ಕಳಿವೆ, ಹನ್ನಳಿಗಿಲ್ಲ. ಕೆಣಕಿ ಕೆಣಕಿ ಅಳಿಸುತ್ತಾಳೆ. ಇಲ್ಲಿ ಬಿಡದೆ ತೋರಿಸಬೇಕಾದ್ದು ಜಾಗ ಮತ್ತು ಹೊತ್ತು: ವರ್ಷವರ್ಷವೂ ಯೆಹೋವನ ಆಲಯಕ್ಕೆ ಹೋದಾಗ, ಯಜ್ಞದ ಊಟಕ್ಕೆ ಕೂತಾಗ. ಹನ್ನ ಅತ್ತು ಊಟ ಬಿಡುತ್ತಾಳೆ. ಚುಚ್ಚುವ ಮಾತು ಬರುವುದು ದೇವಾಲಯದ ದಾರಿಯಲ್ಲಿ, ಹಬ್ಬದ ಎಲೆಯ ಮುಂದೆ. ನಮ್ಮಲ್ಲೂ ಅಷ್ಟೆ, ಕ್ರಿಸ್ಮಸ್ ಊಟದ ಪಂಕ್ತಿಯಲ್ಲಿ, ಮದುವೆ ಮನೆಯ ಹಂದರದ ಕೆಳಗೆ. ಪೆನಿನ್ನಳ ಮೇಲೆ ಮಾತ್ರ ಹೆಚ್ಚು ಹೊತ್ತು ನಿಲ್ಲಬಾರದು. ಅವಳು ಬೇಕೆಂತಲೇ ನೋಯಿಸುವವಳು, ಆದ್ದರಿಂದ ಕೇಳುವವರಲ್ಲಿ ಯಾರೂ ತಾನು ಪೆನಿನ್ನ ಅಂದುಕೊಳ್ಳುವುದಿಲ್ಲ. ಎರಡು ನಿಮಿಷ ಸಾಕು.

ಎರಡನೆಯ ಬಾಯಿ ಎಲ್ಕಾನನದು. ಅವನು ಹೆಂಡತಿಯನ್ನು ಪ್ರೀತಿಸುವವನು. "ಹತ್ತು ಗಂಡುಮಕ್ಕಳಿಗಿಂತ ನಾನು ನಿನಗೆ ಹೆಚ್ಚಲ್ಲವೇ?" ಎಂದು ಕೇಳುತ್ತಾನೆ. ಹನ್ನ ಉತ್ತರ ಕೊಟ್ಟ ಮಾತೇ ಅಲ್ಲಿಲ್ಲ. ಒಳ್ಳೆಯ ಮನಸ್ಸಿನಿಂದ ಆಡಿದ, ಯೋಚಿಸದ ಮಾತು ಅಂದರೆ ಇದು. ಇಲ್ಲಿಗೆ ಬಂದಾಗ ಕೂಟದ ಹೆಂಗಸರ ಮುಖ ಬದಲಾಗುವುದು ಕಾಣುತ್ತದೆ, ಯಾಕೆಂದರೆ ಇಂಥದ್ದನ್ನು ಎಲ್ಲರೂ ಆಡಿದವರೇ. ಮದುವೆಯಾಗಿ ವರ್ಷ ಕಳೆದವಳಿಗೆ "ಏನವಾ, ಇನ್ನೂ ಏನೂ ವಿಶೇಷ ಇಲ್ಲೇನು?" ಎಂದು ಕೇಳುವುದು. ಗಂಡ ತೀರಿಕೊಂಡು ತಿಂಗಳಾಗದವಳಿಗೆ "ಹೋಗ್ಲಿ ಬಿಡ, ಭಾಳ ನರಳಲಿಲ್ಲಲ್ಲ" ಅನ್ನುವುದು. ಮಗ ಪರೀಕ್ಷೆಯಲ್ಲಿ ನಪಾಸಾದ ಮನೆಗೆ ಹೋಗಿ ತಮ್ಮ ಮಗಳ ಮಾರ್ಕು ಹೇಳುವುದು. ಇಂಥ ಮಾತುಗಳನ್ನು ಜೋರಾಗಿ, ಅದೇ ಧಾಟಿಯಲ್ಲಿ ಹೇಳಿ ತೋರಿಸಿದರೆ ಮೊದಲು ನಗು ಬರುತ್ತದೆ, ನಗು ನಿಂತ ಮೇಲೆ ಒಂದು ಮೌನ ಬರುತ್ತದೆ. ಆ ಮೌನವನ್ನು ವಿವರಣೆಯಿಂದ ತುಂಬಿಸಬಾರದು. ಮುಂದಿನ ವಚನಕ್ಕೆ ಹೋಗುವುದು.

ಮೂರನೆಯ ಬಾಯಿ ಯಾಜಕ ಏಲಿಯದು, ಸಂದೇಶದ ಅರ್ಧ ಹೊತ್ತು ಇದಕ್ಕೇ ಬೇಕು. ಶೀಲೋವಿನ ಆಲಯದ ಬಾಗಿಲ ಹತ್ತಿರ ಅವನು ಕೂತಿದ್ದಾನೆ. ಹನ್ನಳ ತುಟಿ ಅಲ್ಲಾಡುತ್ತಿದೆ, ದನಿ ಕೇಳುತ್ತಿಲ್ಲ. ಕಂಡದ್ದು ಇಷ್ಟೇ. ಕಂಡದ್ದಕ್ಕೆ ಅವನು ಸೇರಿಸಿಕೊಂಡದ್ದು: ಕುಡಿದಿದ್ದಾಳೆ. ಎಷ್ಟು ಹೊತ್ತು ಹೀಗೆ ಅಮಲಿನಲ್ಲಿರುತ್ತೀ ಎಂದು ಗದರಿಸುತ್ತಾನೆ. ಕಣ್ಣಿಗೆ ಕಂಡದ್ದೂ ಅದರ ಮೇಲೆ ಮನಸ್ಸು ಕಟ್ಟಿದ್ದೂ ಬೇರೆ ಬೇರೆ ಅನ್ನುವುದನ್ನು ಇಷ್ಟು ಚೊಕ್ಕಟವಾಗಿ ತೋರಿಸುವ ಜಾಗ ಸತ್ಯವೇದದಲ್ಲಿ ಕಡಿಮೆ ಅನ್ನುವುದು ನಮ್ಮ ಅಭಿಪ್ರಾಯ.

ಆದರೆ ಏಲಿಯನ್ನು ಬರೀ ಬೈದು ಬಿಟ್ಟರೆ ಮುಖ್ಯವಾದದ್ದು ಕೈತಪ್ಪುತ್ತದೆ. ಅವನು ತಪ್ಪು ತಿಳಿದ, ಆದರೆ ತಿಳಿದದ್ದನ್ನು ಅವಳಿಗೇ ಹೇಳಿದ. ಹೊರಗೆ ಬಂದು ಇನ್ನೊಬ್ಬರ ಕಿವಿಯಲ್ಲಿ ಹೇಳಲಿಲ್ಲ. ಆದ್ದರಿಂದ "ಹಾಗಲ್ಲ ಸ್ವಾಮಿ, ನಾನು ಬಹಳ ನೊಂದವಳು, ಯೆಹೋವನ ಮುಂದೆ ಮನಸ್ಸನ್ನು ಬಿಚ್ಚಿಡುತ್ತಿದ್ದೇನೆ" ಎಂದು ಹೇಳಲು ಹನ್ನಳಿಗೆ ಜಾಗ ಸಿಕ್ಕಿತು. 14ನೇ ವಚನದಲ್ಲಿ ಆದ ತಪ್ಪು 17ಕ್ಕೆ ಸರಿಹೋಯಿತು. ಅದೇ ಮಾತನ್ನು ಏಲಿ ಆಲಯದ ಬಾಗಿಲಲ್ಲಿ ನಿಂತ ಇನ್ನೊಬ್ಬನಿಗೆ ಹೇಳಿದ್ದರೆ? ಹನ್ನ ಊರಿಗೆ ಮರಳುವ ಮೊದಲೇ "ಎಲ್ಕಾನನ ಹೆಂಡತಿ ಕುಡಿದು ಗುಡಿಗೆ ಬಂದಿದ್ದಳಂತೆ" ಅನ್ನುವುದು ಊರು ಮುಟ್ಟಿರುತ್ತಿತ್ತು, ಅವಳಿಗೆ ಉತ್ತರ ಕೊಡುವ ಅವಕಾಶ ಎಲ್ಲೂ ಸಿಗುತ್ತಿರಲಿಲ್ಲ. ಈ ಪ್ರಶ್ನೆಯನ್ನು ಕೂಟದ ಮುಂದಿಟ್ಟು ಹೆಂಗಸರಿಂದಲೇ ಉತ್ತರ ಹೊರಡಿಸುವುದು ಒಳ್ಳೆಯದು. ಅವರು ನಮಗಿಂತ ಚೆನ್ನಾಗಿ ಹೇಳುತ್ತಾರೆ.

ಇನ್ನೊಂದು ಸೂಕ್ಷ್ಮ 17ನೇ ವಚನದಲ್ಲಿದೆ. ಸಮಾಧಾನದಿಂದ ಹೋಗು, ನೀನು ಬೇಡಿಕೊಂಡದ್ದನ್ನು ಇಸ್ರಾಯೇಲಿನ ದೇವರು ಅನುಗ್ರಹಿಸಲಿ ಎನ್ನುತ್ತಾನೆ ಏಲಿ. ಅವಳು ಬೇಡಿಕೊಂಡದ್ದು ಏನು? ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ವಿವರ ಒಂದೂ ತಿಳಿಯದೆ ಆಶೀರ್ವದಿಸಿದ. ನಮ್ಮ ಸಂದೇಶ ನಿಜವಾಗಿ ತಿರುಗಿಕೊಳ್ಳುವುದು ಇಲ್ಲಿಂದ, ಯಾಕೆಂದರೆ ಮಹಿಳಾ ಕೂಟಗಳಲ್ಲಿ ಚಾಡಿ ಒಳಗೆ ಬರುವ ದೊಡ್ಡ ಬಾಗಿಲು ಪ್ರಾರ್ಥನಾ ವಿಷಯಗಳ ಹೊತ್ತು.

ಒಂದು ಮಾದರಿ ಬೇಡಿಕೆಯನ್ನು ತೆಗೆದುಕೊಂಡು ಬಿಡಿಸಿ ತೋರಿಸುತ್ತೇವೆ. ಯಾರದೂ ಅಲ್ಲದ, ಎಲ್ಲ ಊರಲ್ಲೂ ಕೇಳಿಬರುವಂಥದ್ದು: "ನಮ್ಮ ಓಣ್ಯಾಗ ಒಬ್ಬ ತಂಗಿ ಅದಾಳ್ರಿ, ಹೆಸರ ಬ್ಯಾಡ. ಮದುವ್ಯಾಗಿ ಎರಡ ವರ್ಷ. ಗಂಡ ಕುಡದ ಬರ್ತಾನಂತ, ಅತ್ತಿ ಭಾಳ ಕಾಡ್ತಾಳಂತ, ಜಗಳಾ ಆಡಿ ತವರಿಗೆ ಬಂದಾಳ. ಆಕಿ ಸಲುವಾಗಿ ಪ್ರಾರ್ಥನಾ ಮಾಡ್ರಿ." ಇದನ್ನು ಹಲಗೆಯ ಮೇಲೆ ಬರೆದು, ಹೇಳಿದವಳು ಕಣ್ಣಾರೆ ಕಂಡದ್ದು ಯಾವುದು ಎಂದು ಕೇಳುತ್ತೇವೆ. ತಂಗಿ ತವರಿನಲ್ಲಿದ್ದಾಳೆ, ಅಷ್ಟೇ. ಕುಡಿತ ಕೇಳಿದ ಮಾತು, ಅತ್ತೆಯ ಕಾಟವೂ ಕೇಳಿದ ಮಾತು. ಜಗಳವನ್ನು ಯಾರೂ ನೋಡಿಲ್ಲ, ಬಂದಿದ್ದಾಳೆ ಅನ್ನುವುದರಿಂದ ಕಟ್ಟಿಕೊಂಡದ್ದು. ಬಾಣಂತನಕ್ಕೆ ಬಂದಿರಬಹುದು, ತಾಯಿಗೆ ಹುಷಾರಿಲ್ಲದೆ ಬಂದಿರಬಹುದು. ಏಲಿಯ ಲೆಕ್ಕವೇ ಇದು, ತುಟಿ ಅಲ್ಲಾಡಿತು, ಆದ್ದರಿಂದ ಕುಡಿದಿದ್ದಾಳೆ.

ಆಮೇಲೆ "ಹೆಸರ ಬ್ಯಾಡ" ಅನ್ನುವುದನ್ನು ತೆಗೆದುಕೊಳ್ಳುತ್ತೇವೆ. ಗುಳೇದಗುಡ್ಡಕ್ಕೆ ಬಾಸೆಲ್ ಮಿಶನ್ ಬಂದದ್ದು 1851ರಲ್ಲಿ. ಅಂಥ ಹಳೆಯ ಸಣ್ಣ ಸಭೆಗಳಲ್ಲಿ ತಲೆಮಾರುಗಳಿಂದ ಒಬ್ಬರ ಮನೆಯ ಹೆಣ್ಣು ಇನ್ನೊಬ್ಬರ ಮನೆಗೆ ಹೋಗಿದೆ, ಬೀಗರು ಬಿಜ್ಜರು ಎಲ್ಲರೂ ಒಂದೇ ಹಾಲಿನಲ್ಲಿ ಕೂತಿರುತ್ತಾರೆ. ಓಣಿ, ಮದುವೆಯಾದ ವರ್ಷ, ಅತ್ತೆ ಇದ್ದಾಳೆ ಅನ್ನುವುದು, ಈ ಮೂರು ಗುರುತು ಸಾಕು, ಹೆಸರು ತಾನಾಗಿ ಬೀಳುತ್ತದೆ. ಹೆಸರು ಹೇಳದಿರುವುದರಿಂದ ಇನ್ನೊಂದು ಕೇಡೂ ಆಗುತ್ತದೆ: ಮನೆಗೆ ಹೋಗುವಾಗ ದಾರಿಯುದ್ದಕ್ಕೂ "ಯಾರಿದ್ದಿರಬಹುದು?" ಅನ್ನುವ ಹುಡುಕಾಟ ನಡೆದು, ಸಂಬಂಧವಿಲ್ಲದ ಇನ್ನಿಬ್ಬರು ಹುಡುಗಿಯರ ಹೆಸರೂ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಇನ್ನೂ ಮುಂದಿನದನ್ನು ನೋಡಿ. ವಾರ ಕಳೆದು ಗಂಡ ಬಂದು ಕರೆದುಕೊಂಡು ಹೋದ, ಭಾನುವಾರ ಇಬ್ಬರೂ ಜೊತೆಯಾಗಿ ಆರಾಧನೆಗೆ ಬಂದರು ಅಂದುಕೊಳ್ಳಿ. ಅವರ ಮಟ್ಟಿಗೆ ಮುಗಿದ ಮಾತು, ಆದರೆ ಅರ್ಧ ಸಭೆಯ ಕಣ್ಣಿಗೆ ಅವನು ಕುಡುಕ. ಸರಿಹೋಯಿತು ಅನ್ನುವ ಸುದ್ದಿಯನ್ನು ಯಾವ ಕೂಟದಲ್ಲೂ ಯಾರೂ ಎದ್ದು ನಿಂತು ಹೇಳುವುದಿಲ್ಲ.

ಹಾಗಾದರೆ ಆ ಬೇಡಿಕೆಯನ್ನು ಹೇಗೆ ಹೇಳಬೇಕಿತ್ತು? ಮೊದಲನೆಯದಾಗಿ, ಆ ತಂಗಿ ಒಪ್ಪಿದ್ದಾಳೆಯೇ ಎಂದು ಕೇಳಿಕೊಂಡು ಬರಬೇಕಿತ್ತು: "ನಿನ್ನ ಸಲುವಾಗಿ ಕೂಟದಾಗ ಪ್ರಾರ್ಥನಾ ಮಾಡಸ್ಲೇನು? ಏನಂತ ಹೇಳ್ಲಿ?" ಎರಡನೇ ಪ್ರಶ್ನೆ ಮೊದಲನೆಯದಕ್ಕಿಂತ ಮುಖ್ಯ. ಅವಳು ಒಪ್ಪಿ, "ನನಗ ಸಮಾಧಾನ ಸಿಗ್ಲಿ ಅಂತಷ್ಟ ಹೇಳ್ರಿ" ಅಂದರೆ ಅಷ್ಟೇ ಹೇಳುವುದು. ಒಪ್ಪದಿದ್ದರೆ, ಅಥವಾ ಕೇಳುವಷ್ಟು ಸಲಿಗೆ ಇಲ್ಲದಿದ್ದರೆ, ಮನೆಯಲ್ಲಿ ಒಬ್ಬಳೇ ಮೊಣಕಾಲೂರುವುದು. ಕೇಳಲು ಧೈರ್ಯವಿಲ್ಲದಷ್ಟು ದೂರದವಳ ಮನೆಯ ಮಾತು ನಮ್ಮ ಬಾಯಲ್ಲಿ ಏನು ಮಾಡುತ್ತಿದೆ ಅನ್ನುವುದು ಅಲ್ಲಿಯೇ ಹೊಳೆಯುತ್ತದೆ. ನಮಗೇನೂ ತಿಳಿಯದಿದ್ದರೆ ಪ್ರಾರ್ಥನೆ ಮಾಡುವುದು ಹೇಗೆ ಎಂದು ಯಾರಾದರೂ ಖಂಡಿತ ಕೇಳುತ್ತಾರೆ. ಉತ್ತರ 17ನೇ ವಚನವೇ.

"ನಾ ಸುಳ್ಳೇನ ಹೇಳಿಲ್ಲಲ್ಲ, ಇದ್ದದ್ದ ಹೇಳೀನಿ" ಅನ್ನುವ ಆಕ್ಷೇಪವೂ ಪ್ರತಿ ಸಲ ಬರುತ್ತದೆ. ಅದಕ್ಕೆ ಅದೇ ಪುಸ್ತಕದ 22ನೇ ಅಧ್ಯಾಯವಿದೆ, ಎದೋಮ್ಯನಾದ ದೋಯೇಗನದು. ಯಾಜಕ ಅಹೀಮೆಲೆಕ ದಾವೀದನಿಗೆ ರೊಟ್ಟಿ ಕೊಟ್ಟ, ಗೊಲ್ಯಾತನ ಕತ್ತಿ ಕೊಟ್ಟ ಎಂದು ದೋಯೇಗ, ದಾವೀದನನ್ನು ಕೊಲ್ಲಲು ಹುಡುಕುತ್ತಿದ್ದ ಅರಸ ಸೌಲನಿಗೆ ಹೇಳುತ್ತಾನೆ. ಎರಡೂ ನಿಜ. ದಾವೀದ ಅರಸನ ಕೆಲಸದ ಮೇಲೆ ಬಂದಿದ್ದೇನೆಂದು ಹೇಳಿದ್ದ, ಯಾಜಕನಿಗೆ ಒಳಗಿನ ಸಂಗತಿ ಗೊತ್ತಿರಲಿಲ್ಲ ಅನ್ನುವುದನ್ನು ಮಾತ್ರ ಅವನು ಹೇಳುವುದಿಲ್ಲ. ಆ ದಿನ ಸತ್ತ ಯಾಜಕರು 85. ಹೇಳಿದ್ದು ಗಂಡಸು, ಕೇಳಿದ್ದು ಗಂಡಸು ಅನ್ನುವುದನ್ನೂ ನಾವು ಬಾಯಿಬಿಟ್ಟು ಹೇಳುತ್ತೇವೆ. ಚಾಡಿ ಹೆಂಗಸರ ರೋಗ ಅನ್ನುವ ಧಾಟಿಯಲ್ಲಿ ಸಂದೇಶ ಕೊಟ್ಟರೆ ಕೂಟ ಅಲ್ಲಿಯೇ ಎದ್ದು ಹೋದಂತೆ, ಮೈ ಮಾತ್ರ ಕೂತಿರುತ್ತದೆ.

ವಾಟ್ಸಾಪ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಎರಡು ಮಾತು ಸಾಕು. ಕೂಟದ ಗುಂಪಿನಲ್ಲಿ ಪ್ರಾರ್ಥನಾ ವಿಷಯವನ್ನು ಧ್ವನಿ ಸಂದೇಶವಾಗಿ ಹಾಕಬಾರದು. ಅಡುಗೆಮನೆಯಲ್ಲಿ ಕೈ ಹಿಟ್ಟಾಗಿರುವಾಗ ಅದನ್ನು ಸ್ಪೀಕರಿನಲ್ಲೇ ಹಾಕುತ್ತಾರೆ, ಹೊರಗೆ ಕೂತ ಮಾವ, ಮೈದುನ, ಹಾಲಿನವ ಎಲ್ಲರೂ ಕೇಳುತ್ತಾರೆ. ಆಸ್ಪತ್ರೆಯ ವರದಿಯ ಫೋಟೋ ಹಾಕಬಾರದು, ರೋಗಿಯ ಹೆಸರು, ವಯಸ್ಸು, ರೋಗ ಎಲ್ಲ ಅದರಲ್ಲೇ ಇರುತ್ತದೆ. ಆಮೇಲೆ ಅಳಿಸಿದರೂ ಅಷ್ಟರಲ್ಲಿ ನೋಡಿದವರು ನೋಡಿ, ಮುಂದೆ ಕಳಿಸಿದವರು ಕಳಿಸಿಯಾಗಿರುತ್ತದೆ.

ಇಷ್ಟಾದ ಮೇಲೆ ಬರುವ ಭಾಗವನ್ನು ಹೊತ್ತಿಲ್ಲ ಅಂತ ಎಂದಿಗೂ ಬಿಡಬಾರದು, ಬೇಕಾದರೆ ಪೆನಿನ್ನಳನ್ನು ಬಿಡಬಹುದು. ಚಾಡಿಯ ಮೇಲಿನ ಸಂದೇಶ ಕೇಳಿ ಹೊಡೆತ ತಿನ್ನುತ್ತಿರುವ ಹೆಂಗಸು ಬಾಯಿ ಮುಚ್ಚಿಕೊಳ್ಳುವ ಅಪಾಯವಿದೆ. ಮನೆಯ ಮಾತು ಹೊರಗೆ ಹೋಗಬಾರದು ಎಂದು ಅವಳಿಗೆ ಮೊದಲೇ ಹೇಳಿರುತ್ತಾರೆ, ಈಗ ಸಭೆಯೂ ಅದನ್ನೇ ಹೇಳಿತು ಅಂದುಕೊಳ್ಳುತ್ತಾಳೆ. ಆದ್ದರಿಂದ ಸ್ಪಷ್ಟವಾಗಿ ಹೇಳುತ್ತೇವೆ: ತನ್ನ ಮೇಲೆ ಆಗುತ್ತಿರುವುದನ್ನು ತಾನೇ ಹೇಳಿಕೊಳ್ಳುವುದು ಚಾಡಿಯಲ್ಲ. ಸಹಾಯ ಮಾಡಬಲ್ಲವರಿಗೆ ಹೇಳುವುದು ಚಾಡಿಯಲ್ಲ. ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಮಕ್ಕಳಿಗೆ 1098, ಈ ಮೂರು ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆದೇ ಬಿಡುತ್ತೇವೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ತಿಳಿದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಕಡ್ಡಾಯ. ಅಲ್ಲಿ ಸುಮ್ಮನಿರುವುದು ಗುಟ್ಟು ಕಾಯುವುದಲ್ಲ, ಅಪರಾಧ. ವ್ಯತ್ಯಾಸ ತಿಳಿಯಲು ನಾವು ಕೊಡುವ ಗುರುತು ಒಂದೇ: ಈ ಮಾತನ್ನು ಕೇಳುವವರು ಏನಾದರೂ ಮಾಡಬಲ್ಲರೇ? ಪೊಲೀಸರು ಮಾಡಬಲ್ಲರು, ವೈದ್ಯರು ಮಾಡಬಲ್ಲರು, ಪಾಸ್ಟರು ಸ್ವಲ್ಪ ಮಾಡಬಲ್ಲರು. ಸಂತೆಯಲ್ಲಿ ಸಿಕ್ಕ ಗೆಳತಿ ಕೇಳಿಸಿಕೊಳ್ಳಬಲ್ಲಳು ಅಷ್ಟೇ.

ಪ್ರಶ್ನೆಗೆ ಬಿಟ್ಟಾಗ ತಪ್ಪದೆ ಬರುವುದು ಸಂಬಂಧದ ವಿಚಾರಣೆ. ವರನ ಕಡೆಯವರು ಬಂದು "ಹುಡುಗಿ ಹೆಂಗದಾಳ್ರಿ?" ಎಂದು ನೆರೆಯವರನ್ನು ಕೇಳುವುದು ನಮ್ಮ ಕಡೆ ರೂಢಿ. ಸುಮ್ಮನಿದ್ದರೂ ಅರ್ಥ ಹಚ್ಚುತ್ತಾರೆ, ಹೇಳಿದರೂ ಕಷ್ಟ. ಸ್ವಂತ ಕಂಡದ್ದನ್ನು ಹೇಳಿ, ಕೇಳಿದ್ದರ ಬಗ್ಗೆ "ಅದು ನನಗ ಗೊತ್ತಿಲ್ರಿ, ಅವರ ಮನಿಯವರನ್ನ ಕೇಳ್ರಿ" ಎಂದು ತಡವರಿಸದೆ ಹೇಳಬೇಕು. ತಡವರಿಸಿದರೆ ಏನೋ ಇದೆ ಅಂದುಕೊಂಡು ಹೋಗುತ್ತಾರೆ. ಹುಡುಗನಿಗೆ ಈಗಾಗಲೇ ಒಂದು ಮದುವೆಯಾಗಿದೆ ಅನ್ನುವಂಥದ್ದು ಖಚಿತವಾಗಿ ತಿಳಿದಿದ್ದರೆ ಮಾತ್ರ ಮುಚ್ಚಿಡುವುದು ತಪ್ಪು, ಅದನ್ನು ಹುಡುಗಿಯ ತಂದೆ-ತಾಯಿಗೆ ನೇರವಾಗಿ ಹೇಳಬೇಕು.

ಇನ್ನು ಹೊತ್ತಿನ ಹಂಚಿಕೆ. ಒಂದೂವರೆ ತಾಸಿನ ಕೂಟದಲ್ಲಿ ಹಾಡು ಮತ್ತು ಆರಂಭದ ಪ್ರಾರ್ಥನೆಗೆ ಇಪ್ಪತ್ತು ನಿಮಿಷ, ಪಾಠ ಓದಲು ಐದು, ಸಂದೇಶಕ್ಕೆ ಇಪ್ಪತ್ತೈದು, ಹಲಗೆಯ ಕೆಲಸ ಮತ್ತು ಪ್ರಶ್ನೆಗೆ ಹದಿನೈದು, ಉಳಿದದ್ದು ಪ್ರಾರ್ಥನಾ ವಿಷಯ, ಕಾಣಿಕೆ, ಆಶೀರ್ವಾದಕ್ಕೆ. ಪ್ರಾರ್ಥನಾ ವಿಷಯಗಳನ್ನು ಸಂದೇಶಕ್ಕಿಂತ ಮೊದಲು ತೆಗೆದುಕೊಳ್ಳುವ ರೂಢಿ ಇದ್ದರೆ ಅಂದು ಕಡೆಗೆ ಸರಿಸಿಕೊಳ್ಳಬೇಕು. ಇಲ್ಲದಿದ್ದರೆ ಆಗಷ್ಟೇ ವಿಷಯ ಹೇಳಿ ಕೂತವಳು, ಸಂದೇಶ ತನ್ನ ಮೇಲೆಯೇ ಅಂದುಕೊಳ್ಳುತ್ತಾಳೆ. ಪಾಠವನ್ನು ಚೆನ್ನಾಗಿ ಓದುವ ಒಬ್ಬಳಿಂದ ಓದಿಸುವುದೇ ಮೇಲು. ಸರದಿಯಲ್ಲಿ ಓದಿಸಿದರೆ ಅಕ್ಷರ ಬಾರದ ಹಿರಿಯ ಅವ್ವಂದಿರಿಗೆ ಮುಜುಗರ. ಕೂಟಕ್ಕೆ ಎರಡು ದಿನ ಮೊದಲು ಉದಾಹರಣೆಗಳನ್ನೆಲ್ಲ ಸಭೆಯ ಒಬ್ಬ ಹಿರಿಯ ಅವ್ವನ ಮುಂದೆ ಹೇಳಿ ನೋಡುತ್ತೇವೆ. "ಇದು ಇಂಥಾಕಿದಲ್ಲೇನ?" ಎಂದು ಅವಳು ಕೇಳಿದ ಉದಾಹರಣೆಯನ್ನು ಅಲ್ಲಿಯೇ ಹೊಡೆದು ಹಾಕುವುದು, ನಾವು ಅದನ್ನು ಎಲ್ಲಿಂದ ತಂದಿದ್ದರೂ ಸರಿ.

ಪರಿಣಾಮ ತಿಳಿಯುವುದು ಚಹಾ, ಚುರಮುರಿಯ ಹೊತ್ತಿನಲ್ಲಲ್ಲ. ಅಂದು ಎಲ್ಲರೂ ಎಚ್ಚರವಾಗಿರುತ್ತಾರೆ. ಮುಂದಿನ ತಿಂಗಳ ಪ್ರಾರ್ಥನಾ ವಿಷಯಗಳನ್ನು ಕೇಳಿದರೆ ಗೊತ್ತಾಗುತ್ತದೆ: ಬೇರೆಯವರ ವಿಷಯ ಕಡಿಮೆಯಾಗಿ, "ನನ್ನ ಸಿಟ್ಟಿನ ಸಲುವಾಗಿ", "ನನ್ನ ಸಾಲದ ಸಲುವಾಗಿ" ಅನ್ನುವಂಥವು ಒಂದೆರಡಾದರೂ ಬಂದವೇ? ಮೊದಲ ತಿಂಗಳು ಬಹಳ ಕಡೆ ವಿಷಯಗಳೇ ಬರುವುದಿಲ್ಲ, ಎಲ್ಲರೂ ಸುಮ್ಮನೆ ಕೂಡುತ್ತಾರೆ. ಹೆದರಿ ಹಳೆಯ ರೂಢಿಗೆ ಮರಳಬಾರದು, ಆ ಹೊತ್ತನ್ನು ಮೌನ ಪ್ರಾರ್ಥನೆಗೆ ಬಿಡಬೇಕು. ವಿಷಯಗಳನ್ನು ಬರೆದಿಡುವ ನೋಟಪುಸ್ತಕವಿದ್ದರೆ ಅದರಲ್ಲಿ ಹೇಳಿದವಳ ಹೆಸರು ಮತ್ತು ಒಂದೇ ಸಾಲು ಇರಲಿ. ಪುಸ್ತಕ ಚರ್ಚಿನ ಕಪಾಟಿನಲ್ಲಿ ಬಿದ್ದಿರುವುದು ಬೇಡ, ಕಾರ್ಯದರ್ಶಿಯ ಕೈಯಲ್ಲಿರಲಿ. ತಿಂಗಳು ಮುಗಿದ ಮೇಲೆ ಆ ಹಾಳೆಯನ್ನು ಹರಿದು ಒಲೆಗೆ ಹಾಕಲಿ.